ಒಂದೇ ನಂಬರಿನ ಎರಡು ಪುಸ್ತಕ

ನಮ್ಮೂರಿನಲ್ಲಿ ಯಾರದಾದರೂ ದನಿ ಹೋದರೆ ಡಾಕ್ಟರನ್ನು ಕರೆಸುವುದಿಲ್ಲ. ಬಾಗಿಲಿಗೆ ಒಂದು ಹುಣಸೆ ಕೊಂಬೆ ಕಟ್ಟುತ್ತಾರೆ, ಹಾಲಿನವನಿಗೆ ಹೇಳುತ್ತಾರೆ, ಆಮೇಲೆ ಮನೆಯಿಂದ ಯಾರಾದರೂ ಲೈಬ್ರರಿಗೆ ಬಂದು ಸುದ್ದಿ ಮುಟ್ಟಿಸುತ್ತಾರೆ. ದನಿ ಹೋದವರಿಗೆ ಜ್ವರ ಇರುವುದಿಲ್ಲ, ಗಂಟಲು ನೋವಿರುವುದಿಲ್ಲ. ಉಣ್ಣುತ್ತಾರೆ, ನಗುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಮಾತು ಮಾತ್ರ ಹೊರಡುವುದಿಲ್ಲ, ಬರೆದು ಹೇಳಲು ಕೂತರೆ ಕೈಯೂ ಓಡುವುದಿಲ್ಲ. ಕೆಲವರಿಗೆ ವಾರದಲ್ಲಿ ದನಿ ಮರಳುತ್ತದೆ, ಕೆಲವರಿಗೆ ಮಳೆಗಾಲ ಕಳೆದು ಚಳಿಗಾಲ ಬರಬೇಕು. ಆಮೇಲೆ ಕೊಂಬೆ ಬಿಚ್ಚಿ ಒಲೆಗೆ ಹಾಕಿದರೆ ಆಯಿತು.

ಲೈಬ್ರರಿಗೆ ಹೇಳುವುದು ದಂಡದ ಸಲುವಾಗಿ. ಪುಸ್ತಕ ತಡವಾಗಿ ಮರಳಿಸಿದರೆ ದಂಡ ಉಂಟು. ಆದರೆ ತಡವಾದದ್ದಕ್ಕೆ ಕಾರಣ ಹೇಳಿಕೊಳ್ಳಲಾಗದವರಿಗೆ ದಂಡ ಹಾಕುವುದು ಅನ್ಯಾಯ ಎಂದು ಹಿಂದಿನವರು ತೀರ್ಮಾನಿಸಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಪುಸ್ತಕ ಒಯ್ಯುವವರು ಮೇಜಿನ ಮುಂದೆ ನಿಂತು ತಮ್ಮ ಹೆಸರನ್ನೂ ಪುಸ್ತಕದ ಹೆಸರನ್ನೂ ಗಟ್ಟಿಯಾಗಿ ಹೇಳಬೇಕು. ಮೂಲವ್ಯಾಧಿಗೆ ಮನೆಮದ್ದು ಹುಡುಕುವವರಿಗೆ ಇದು ಬಹಳ ಕಷ್ಟದ ಕೆಲಸ, ಓದುವ ಕೋಣೆಯಲ್ಲಿ ಕೂತವರಿಗೆಲ್ಲ ಕೇಳಿಸುತ್ತದೆ. ಹೇಳಲು ದನಿಯೇ ಇಲ್ಲದವರಿಗೆ ಹೊಸ ಪುಸ್ತಕ ಇಲ್ಲ. ದನಿ ಬಂದ ಮೇಲೆ ಬನ್ನಿ ಎನ್ನುತ್ತೇವೆ, ಅವರು ತಲೆಯಾಡಿಸಿ ಪೇಪರು ಓದಲು ಕೂರುತ್ತಾರೆ.

ನಾನು ಹೊರಗಿನಿಂದ ಸೊಸೆಯಾಗಿ ಬಂದವಳು. ನನ್ನ ಹೆಸರು ಶಿವಗಂಗಾ. ಮದುವೆಗೆ ಇನ್ನೂ ವಾರ ಇದೆ ಎನ್ನುವಾಗ ನಮ್ಮ ಅತ್ತೆ ಸಿದ್ದಮ್ಮನವರ ದನಿ ಹೋಯಿತು. ಹೆಣ್ಣು ನೋಡಲು ಗಂಡಸರಷ್ಟೇ ಬಂದಿದ್ದರು, ಹಾಗಾಗಿ ಅವರ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಮನೆ ತುಂಬಿಸಿಕೊಂಡಾಗ ಬಾಗಿಲಲ್ಲಿ ಮಾವಿನ ತೋರಣದ ಪಕ್ಕದಲ್ಲೇ ಹುಣಸೆ ಕೊಂಬೆಯೂ ತೂಗುತ್ತಿತ್ತು. ಹದಿನೈದು ದಿನ, ಹೆಚ್ಚೆಂದರೆ ತಿಂಗಳು ಎಂದರು ಎಲ್ಲರೂ. ಆರು ವರ್ಷವಾಯಿತು. ಕೊಂಬೆ ಒಣಗಿದಾಗಲೆಲ್ಲ ನಮ್ಮ ಯಜಮಾನರು ಪಂಪಾಪತಿ ಹೊಸದು ತಂದು ಕಟ್ಟುತ್ತಿದ್ದರು. ಅಷ್ಟು ದೀರ್ಘವಾಗಿ ದನಿ ಹೋದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆರು ವರ್ಷದಲ್ಲಿ ಅತ್ತೆಗೂ ನನಗೂ ಒಂದು ಭಾಷೆ ಹುಟ್ಟಿಕೊಂಡಿತ್ತು. ಲೋಟ ಒಮ್ಮೆ ಕುಟ್ಟಿದರೆ ಕಾಫಿ, ಎರಡು ಸಲ ಕುಟ್ಟಿದರೆ ಒಲೆಯ ಮೇಲೆ ಏನೋ ಸೀಯುತ್ತಿದೆ. ನನ್ನ ತಲೆ ಬಾಚುವಾಗ ಹೆರಳನ್ನು ಸ್ವಲ್ಪ ಬಿಗಿಯಾಗಿ ಎಳೆದರೆ ಕೋಪ ಬಂದಿದೆ ಎಂದು ಅರ್ಥ. ಯಾಕೆ ಕೋಪ ಎಂದು ಕೇಳಿದರೆ ಕೈ ಬೀಸಿ ಎದ್ದು ಹೋಗುವರು. ಬಾಯಿಲ್ಲದ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ನೆರೆಯವರು ನನ್ನನ್ನು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ. ಸುಖವಾಗಿಯೇ ಇದ್ದೆವು, ಸುಳ್ಳೇಕೆ ಹೇಳಲಿ. ಆದರೂ ಸಂಜೆ ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರು ಹರಟುವಾಗ ಅತ್ತೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಾ ಕೂತಿರುವುದನ್ನು ನೋಡಿದರೆ ಏನಾದರೂ ನೆಪ ಹೇಳಿ ಅವರನ್ನು ಮನೆಗೆ ಕರೆದುಬಿಡುತ್ತಿದ್ದೆ. ಹಿಂದೆ ಆ ಜಗಲಿಯಲ್ಲಿ ಉಳಿದವರಿಗೆ ಮಾತಾಡಲು ಬಿಡುತ್ತಿರಲಿಲ್ಲವಂತೆ ಅವರು.

ಲೈಬ್ರರಿಯ ತಿಪ್ಪೇರುದ್ರಪ್ಪನವರು ನಿವೃತ್ತರಾದ ಮೇಲೆ ಆ ಕುರ್ಚಿ ನನಗೆ ಬಂತು. ಕುರ್ಚಿಯ ಹಿಂದೆಯೇ ಒಂದು ಕಂಪ್ಯೂಟರೂ ಬಂತು. ಹಳೆಯ ಎರವಲು ರಿಜಿಸ್ಟರುಗಳನ್ನೆಲ್ಲ ಅದರಲ್ಲಿ ತುಂಬಿಸಬೇಕು ಎಂದು ಮೇಲಿನವರ ಆಜ್ಞೆ. ಕೇಳಲು ಸುಲಭ, ನೋಡಿ ನೋಡಿ ಟೈಪು ಮಾಡಿದರೆ ಮುಗಿಯಿತು ಎಂದುಕೊಂಡೆ. ಮೊದಲನೆಯ ವಾರದಲ್ಲೇ ನನ್ನ ಅಹಂಕಾರ ಇಳಿಯಿತು.

ನಮ್ಮ ರಿಜಿಸ್ಟರಿನಲ್ಲಿ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಹಾಳೆ. ನೆತ್ತಿಯಲ್ಲಿ ಅವರ ಹೆಸರು, ಸದಸ್ಯ ಸಂಖ್ಯೆ. ಕೆಳಗೆ ಗೆರೆ ಎಳೆದ ಕೋಷ್ಟಕ: ಪುಸ್ತಕದ ನಂಬರು, ಪುಸ್ತಕದ ಹೆಸರು, ಕೊಟ್ಟ ದಿನ, ಬಂದ ದಿನ, ಕೊನೆಯಲ್ಲಿ ಷರಾ. ಮನುಷ್ಯನ ಕಣ್ಣಿಗೆ ಇದು ಸಾಕು, ಹಾಳೆಯ ನೆತ್ತಿ ನೋಡಿದರೆ ಯಾರ ಲೆಕ್ಕ ಎಂದು ತಿಳಿಯುತ್ತದೆ. ಕಂಪ್ಯೂಟರಿನ ಕೋಷ್ಟಕಕ್ಕೆ ನೆತ್ತಿ ಇಲ್ಲ. ಅಲ್ಲಿ ಒಂದು ಎರವಲಿಗೆ ಒಂದು ಸಾಲು, ಪ್ರತಿ ಸಾಲಿನಲ್ಲೂ ಸದಸ್ಯ ಸಂಖ್ಯೆ ಮತ್ತೆ ಬರಬೇಕು. ತಿಪ್ಪೇರುದ್ರಪ್ಪನವರು ಮೇಲಿನದೇ ಮತ್ತೆ ಬಂದರೆ ಎರಡು ಚುಕ್ಕೆ ಗೀಚಿ ಮುಂದೆ ಹೋಗುತ್ತಿದ್ದರು. ಆ ಚುಕ್ಕೆಯನ್ನು ಹಾಗೆಯೇ ಟೈಪು ಮಾಡಿ ಸಾಲುಗಳ ಕ್ರಮ ಬದಲಿಸಿದರೆ ಚುಕ್ಕೆ ಬೇರೆ ಯಾರದೋ ಸಾಲಿನ ಕೆಳಗೆ ಹೋಗಿ ಕೂರುತ್ತದೆ, ಅರ್ಥ ಕೆಡುತ್ತದೆ. ಆದ್ದರಿಂದ ಕ್ರಮ ಬದಲಿಸುವ ಮೊದಲೇ ಪ್ರತಿ ಚುಕ್ಕೆಯ ಜಾಗದಲ್ಲೂ ಪೂರ್ತಿ ಬರೆದೆ. ಇಸವಿಯನ್ನು ಅವರು ಹಾಳೆಗೆ ಒಮ್ಮೆ ಮಾತ್ರ ಬರೆದಿದ್ದರು. ನಾನು ಎಲ್ಲ ತಾರೀಖನ್ನೂ ಮೊದಲು ಇಸವಿ, ಆಮೇಲೆ ತಿಂಗಳು, ಆಮೇಲೆ ದಿನ ಎಂದು ಒಂದೇ ರೀತಿಯಲ್ಲಿ ಹಾಕಿದೆ, ಹಾಗೆ ಹಾಕಿದರೆ ಸಾಲುಗಳು ಕಾಲದ ಪ್ರಕಾರ ತಾವೇ ನಿಲ್ಲುತ್ತವೆ. ಓದಲಾಗದ ಕಡೆ ಊಹಿಸದೆ ಖಾಲಿ ಬಿಟ್ಟೆ. ಪ್ರತಿ ಸಾಲಿಗೂ ಅದು ರಿಜಿಸ್ಟರಿನ ಯಾವ ಹಾಳೆಯಿಂದ ಬಂತು ಎಂಬ ಗುರುತೂ ಇಟ್ಟೆ. ಪುಸ್ತಕದ ಹೆಸರನ್ನು ಮಾತ್ರ ಕೈಬಿಟ್ಟೆ. ಪುಸ್ತಕಗಳದೇ ಬೇರೆ ಕೋಷ್ಟಕ ಇರುತ್ತದಲ್ಲ, ನಂಬರು ಕೊಟ್ಟರೆ ಹೆಸರು ಅಲ್ಲಿಂದ ಬರುತ್ತದೆ, ಒಂದೇ ಹೆಸರನ್ನು ನೂರು ಸಲ ಕುಟ್ಟುವುದೇಕೆ? ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ದನಿ ಹೋದವರ ಸುದ್ದಿ ಷರಾದಲ್ಲಿರುತ್ತಿತ್ತು. ಅವರ ಹಾಳೆಯ ಕಟ್ಟಕಡೆಯ ಸಾಲಿನಲ್ಲಿ, ಅಂದರೆ ದನಿ ಹೋದಾಗ ಮನೆಯಲ್ಲಿದ್ದ ಪುಸ್ತಕದ ಸಾಲಿನಲ್ಲಿ, ‘ಮೌನ’ ಎಂದು ಬರೆದು, ದನಿ ಬಂದ ಮೇಲೆ ಆ ತಾರೀಖನ್ನೂ ಅಲ್ಲೇ ಹಾಕುತ್ತಿದ್ದರು, ಅಂದಿನಿಂದ ದಂಡ ಮತ್ತೆ ಶುರು ಎಂದು. ಪುಸ್ತಕವನ್ನು ಅಷ್ಟರಲ್ಲಿ ಮನೆಯವರು ತಂದು ಕೊಟ್ಟಿರುತ್ತಿದ್ದರು.

ಒಂದು ಮಧ್ಯಾಹ್ನ ಯಾವ ಪುಸ್ತಕ ಹೆಚ್ಚು ಓಡಾಡಿದೆ ಎಂದು ನೋಡುವ ಮನಸ್ಸಾಗಿ ಸಾಲುಗಳನ್ನೆಲ್ಲ ಪುಸ್ತಕದ ನಂಬರಿನ ಪ್ರಕಾರ ಜೋಡಿಸಿದೆ, ಒಂದೇ ನಂಬರಿನೊಳಗೆ ಕೊಟ್ಟ ದಿನದ ಪ್ರಕಾರ. ರಿಜಿಸ್ಟರಿನಲ್ಲಿ ಒಬ್ಬ ಮನುಷ್ಯನ ಕೆಳಗೆ ಅವನ ಪುಸ್ತಕಗಳು ಸಾಲಾಗಿದ್ದವು. ಈಗ ಒಂದು ಪುಸ್ತಕದ ಕೆಳಗೆ ಅದನ್ನು ಒಯ್ದ ಮನುಷ್ಯರು ಸಾಲಾಗಿ ನಿಂತರು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಮೊದಲ ಸಲ ಒಂದೇ ಕಡೆ ಕಾಣಿಸಿತು. ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಒಂದು ‘ಮೌನ’ದ ಮುಂದೆ ದನಿ ಬಂದ ತಾರೀಖು ಇತ್ತು. ಅದರ ಕೆಳಗಿನ ಸಾಲಿನಲ್ಲಿ, ಆ ಪುಸ್ತಕವನ್ನು ಇನ್ನೊಬ್ಬರು ಒಯ್ದ ದಿನವೂ ಅದೇ ತಾರೀಖು. ಕಾಕತಾಳೀಯ ಎಂದುಕೊಂಡು ಮುಂದೆ ಹೋದೆ. ಮುಂದಿನ ಮೌನದಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಕೈಲಿದ್ದ ಕಾಫಿ ಆರಿಹೋಯಿತು. ಕೆಲವು ಕಡೆ ತಾಳೆಯಾಗಲಿಲ್ಲ, ಹಾಳೆ ತೆಗೆದು ನೋಡಿದರೆ ನಾನೇ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿ ಟೈಪಿಸಿದ್ದೆ. ಸರಿಮಾಡಿದೆ, ಅವೂ ತಾಳೆಯಾದವು.

ಮನೆಯವರು ತಂದು ಕೊಟ್ಟ ಆ ಪುಸ್ತಕವನ್ನು ಇನ್ನೊಬ್ಬರು ಹೆಸರು ಹೇಳಿ ಒಯ್ದ ದಿನವೇ ದನಿ ಮರಳುತ್ತಿತ್ತು. ಕಾದಂಬರಿ ಓದುವವರಿಗೆ ದನಿ ಬೇಗ ಬರುತ್ತದೆ, ಅವರು ಸ್ವಭಾವತಃ ವಾಚಾಳಿಗಳು ಎಂದು ಊರಿನಲ್ಲಿ ನಂಬಿಕೆ ಇತ್ತು. ಪಾಪ, ಅವರ ಪುಸ್ತಕಕ್ಕೆ ಕಾಯುವವರು ಹೆಚ್ಚು, ಅಷ್ಟೇ. ಗೊಬ್ಬರದ ಗುಂಡಿಯ ಬಗ್ಗೆ ಓದಿದವರು ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದರು. ದನಿ ಯಾರದು ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಯಾವ ಕೋಷ್ಟಕವೂ ಹೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ.

ಪರೀಕ್ಷೆ ಮಾಡಿಯೇ ಬಿಡೋಣ ಎನಿಸಿತು. ಮಂಡಿಯಲ್ಲಿ ಹರಾಜು ಕೂಗುವ ಓಬಳೇಶನ ದನಿ ಆಗ ಹೋಗಿತ್ತು, ಅವನ ಬದಲು ಅವನ ಹೆಂಡತಿ ಕೂಗುತ್ತಿದ್ದಳು. ಅವನು ಕೊನೆಗೆ ಒಯ್ದಿದ್ದ ಕೋಳಿ ಸಾಕಣೆಯ ಪುಸ್ತಕ ಕಪಾಟಿನಲ್ಲೇ ಇತ್ತು. ದಿನಾ ಪೇಪರು ಓದಲು ಬರುವ ಟೈಲರ್ ಮೈಲಾರಪ್ಪನವರ ಮುಂದೆ ಅದನ್ನಿಟ್ಟೆ.

“ನಂಗ್ಯಾಕಮ್ಮ ಕೋಳಿ? ನಾನು ಮೊಟ್ಟೇನೂ ತಿನ್ನಲ್ಲ” ಎಂದರು.

“ಒಂದಿನ ಇಟ್ಕೊಂಡು ತಂದುಕೊಡಿ ಮೈಲಾರಪ್ಪ, ಚಿತ್ರ ಚೆನ್ನಾಗಿವೆ.”

ಸಂಕೋಚದಿಂದ ಆ ಕಡೆ ಈ ಕಡೆ ನೋಡಿ ತಮ್ಮ ಹೆಸರು, ಕೋಳಿಯ ಹೆಸರು ಹೇಳಿ ಒಯ್ದರು. ಅವರು ಮೆಟ್ಟಿಲಿಳಿಯುವ ಹೊತ್ತಿಗೆ ಮಂಡಿಯ ಕಡೆಯಿಂದ ಓಬಳೇಶನ ಗಂಟಲು ಕೇಳಿಸಿತು, ಈರುಳ್ಳಿಗೆ ಮೂರನೇ ಸಲ ಎಂದು. ಅವನ ಹೆಂಡತಿ ಕೆಲಸ ಬಿಟ್ಟುಕೊಡಲು ಒಪ್ಪಲಿಲ್ಲವಂತೆ, ಈಗ ಇಬ್ಬರೂ ಕೂಗುತ್ತಾರೆ.

ನಾನು ಓಡಿಹೋಗಿ ಕಂಪ್ಯೂಟರಿನಲ್ಲಿ ಅತ್ತೆಯ ಸಾಲು ತೆಗೆದೆ. ಪುಸ್ತಕದ ನಂಬರು ೧೧೪೭, ಷರಾದಲ್ಲಿ ಮೌನ, ಅದರ ಮುಂದೆ ಖಾಲಿ. ಪುಸ್ತಕದ ಹೆಸರು ನೋಡಿದರೆ ‘ಮಕ್ಕಳಿಗೆ ಹೆಸರಿಡುವ ಕೈಪಿಡಿ’. ಮಗನ ಮದುವೆಗೆ ಮೊದಲೇ ಮೊಮ್ಮಗುವಿನ ಹೆಸರು ಹುಡುಕಲು ಹೊರಟಿದ್ದರಲ್ಲ ಎಂದು ನಗು ಬಂತು. ಕೆಳಗಿನ ಸಾಲುಗಳನ್ನು ನೋಡಿದಾಗ ನಗು ಅಲ್ಲೇ ನಿಂತಿತು. ಅತ್ತೆಯ ನಂತರ ಆ ಪುಸ್ತಕವನ್ನು ಊರಿನ ಅರ್ಧಕ್ಕರ್ಧ ಬಸುರಿಯರು ಒಯ್ದಿದ್ದರು. ತಿಂಗಳೊಪ್ಪತ್ತಿನಲ್ಲೇ ದನಿ ಬರಬೇಕಿತ್ತು. ಊರಿಗೆಲ್ಲ ಹೊಂದಿದ ಲೆಕ್ಕ ನಮ್ಮ ಮನೆಗೆ ಮಾತ್ರ ಹೊಂದಲಿಲ್ಲ. ಆ ದಿನ ಮನೆಗೆ ಹೋಗಿ ಅತ್ತೆಯ ಮುಖ ನೋಡಲಾಗದೆ ಬೇಗ ಮಲಗಿಬಿಟ್ಟೆ.

ಮಾರನೆಯ ದಿನ, ಬೇರೆಲ್ಲ ತಪ್ಪುಗಳೂ ಟೈಪು ಮಾಡುವಾಗಲೇ ಆಗಿದ್ದವಲ್ಲ, ಇದೂ ನನ್ನದೇ ಇರಬೇಕು ಎಂದು ಹಾಳೆಯ ಗುರುತು ಹಿಡಿದು ಮೂಲ ರಿಜಿಸ್ಟರು ತೆಗೆದೆ. ನಂಬರು ಸರಿಯಾಗಿಯೇ ಇತ್ತು. ಆದರೆ ಪಕ್ಕದಲ್ಲಿ, ನಾನು ಬೇಡವೆಂದು ಕೈಬಿಟ್ಟ ಹೆಸರಿನ ಅಂಕಣದಲ್ಲಿ, ‘ಬಾವಿ ಹೂಳು’ ಎಂದಿತ್ತು. ಪುಸ್ತಕಗಳ ದಾಖಲೆ ತೆರೆದೆ. ೧೧೪೭ರ ಎದುರು ಹೆಸರಿಡುವ ಕೈಪಿಡಿ ಎಂದು ಬರೆದ ಚೀಟಿಯೊಂದನ್ನು ಅಂಟಿಸಿದ್ದರು. ನೀರು ಸವರಿ ಮೆಲ್ಲಗೆ ಎಬ್ಬಿಸಿದೆ. ಚೀಟಿಯ ಅಡಿಯಲ್ಲಿ ‘ಬಾವಿಗಳ ಹೂಳು ತೆಗೆಯುವ ಕ್ರಮ’, ಅದರ ಮೇಲೆ ಕೆಂಪು ಮಸಿಯಲ್ಲಿ ‘ವಜಾ’. ನನ್ನ ಕೋಷ್ಟಕದಲ್ಲಿ ಎರಡು ಪುಸ್ತಕಗಳು ಒಂದೇ ನಂಬರು ಹೊತ್ತು ಒಂದೇ ಪುಸ್ತಕದಂತೆ ನಿಂತಿದ್ದವು. ಹೆಸರನ್ನೂ ಟೈಪು ಮಾಡಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ತಿಪ್ಪೇರುದ್ರಪ್ಪನವರ ಮನೆ ಲೈಬ್ರರಿಯ ಹಿಂದಿನ ಬೀದಿಯಲ್ಲೇ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಹೌದಮ್ಮ, ವಜಾ ಆದ ಪುಸ್ತಕದ ನಂಬರು ಹೊಸದಕ್ಕೆ ಕೊಡ್ತಿದ್ದೆ” ಎಂದರು. “ನಂಬರಿನ ಸಾಲಿನಾಗೆ ಖಾಲಿ ಬಿಟ್ರೆ ನನಗೆ ನಿದ್ದೆ ಬರಾಕಿಲ್ಲ. ಹಲ್ಲು ಬಿದ್ದ ಬಾಯಿ ಇದ್ದಂಗೆ ಇರ್ತೈತೆ.”

“ಒಂದು ನಂಬರು ಒಂದು ಪುಸ್ತಕಕ್ಕೆ ಕೊಟ್ಟರೆ ಮುಗೀತು ಸಾರ್, ಪುಸ್ತಕ ಹೋದರೂ ನಂಬರು ಅದರದೇ. ಇನ್ನೊಂದಕ್ಕೆ ಕೊಡಬಾರದು.”

“ಯಾಕೆ, ಯಾರಿಗೇನು ತೊಂದರೆ ಆತು?”

ಹೇಳಿದೆ. ಅವರ ಕೈಲಿದ್ದ ಅವರೆಕಾಯಿ ಕೈಲೇ ಉಳಿಯಿತು. “ಅಯ್ಯೋ ಶಿವನೇ, ನಮ್ಮ ಸಿದ್ದಕ್ಕಂದಾ?” ಎಂದರು. ಅತ್ತೆ ಮತ್ತು ಅವರು ಒಂದೇ ಶಾಲೆಯಲ್ಲಿ ಓದಿದವರು. ಅಂಗಿ ಹಾಕಿಕೊಂಡು ಅವರೇ ಮುಂದಾಗಿ ಹೊರಟರು.

ವಜಾ ಮಾಡಿದ ಪುಸ್ತಕಗಳನ್ನು ಯಾರೂ ತಕ್ಷಣ ಬಿಸಾಡುವಂತಿಲ್ಲ, ಕಮಿಟಿಯ ಒಪ್ಪಿಗೆ ಬೇಕು. ಕಮಿಟಿ ಸೇರುವುದು ಯಾವಾಗಲೋ. ನಮ್ಮ ಪುಣ್ಯಕ್ಕೆ ಅದು ಇನ್ನೂ ಸೇರಿರಲಿಲ್ಲ. ಪುರಸಭೆಯ ಉಗ್ರಾಣದಲ್ಲಿ ಮುರಿದ ಬೆಂಚುಗಳ ಹಿಂದೆ ಹಗ್ಗ ಬಿಗಿದ ಕಟ್ಟುಗಳು ಹಾಗೆಯೇ ಇದ್ದವು. ತಿಪ್ಪೇರುದ್ರಪ್ಪನವರು ಒಂದೊಂದನ್ನೇ ಬಿಚ್ಚಿ, ಧೂಳಿಗೆ ಸೀನಿ, ನನ್ನ ಕೈಗೆ ಕೊಟ್ಟರು. ಬಾವಿಯ ಪುಸ್ತಕಕ್ಕೆ ಒಂದು ಮೂಲೆಯಲ್ಲಿ ಗೆದ್ದಲು ಹಿಡಿದಿತ್ತು, ಉಳಿದಂತೆ ಗಟ್ಟಿಯಾಗಿತ್ತು. ಅದನ್ನು ಕೈಗೆತ್ತಿಕೊಂಡಾಗ ಖುಷಿಯಾಗಬೇಕಿತ್ತು. ಖುಷಿಗಿಂತ ಮೊದಲು ಹೆದರಿಕೆಯಾಯಿತು.

ಆರು ವರ್ಷ ನಾನು ಆ ಮನೆಯಲ್ಲಿ ಮಾಡಿದ್ದನ್ನೆಲ್ಲ ಒಬ್ಬರು ಬಾಯಿ ಬಿಡದೆ ನೋಡಿದ್ದರು. ಹೆರಳು ಬಿಗಿಯಾಗಿ ಎಳೆದ ಅಷ್ಟೂ ದಿನಗಳ ಹಿಂದೆ ಒಂದೊಂದು ಮಾತಿತ್ತು. ಅವೆಲ್ಲ ಒಟ್ಟಿಗೆ ಹೊರಬಿದ್ದರೆ? ನೆರೆಯವರು ಪುಣ್ಯ ಎನ್ನುತ್ತಿದ್ದ ನಮ್ಮ ಸುಖ, ಅವರಿಗೆ ಬಾಯಿಲ್ಲ ಎಂಬುದರ ಮೇಲೆಯೇ ನಿಂತಿದ್ದರೆ? ಪುಸ್ತಕವನ್ನು ನನ್ನಷ್ಟಕ್ಕೆ ನಾನು ಮತ್ತೆ ಕಟ್ಟಿನೊಳಗೆ ತಳ್ಳಿದರೆ ಯಾರೂ ಕೇಳುವವರಿರಲಿಲ್ಲ. ತಿಪ್ಪೇರುದ್ರಪ್ಪನವರು ಒಬ್ಬರು ಬಿಟ್ಟರೆ. ಅವರು ನನ್ನ ಮುಖವನ್ನೇ ನೋಡುತ್ತಾ, “ಸಿದ್ದಕ್ಕನ್ನೇ ಕೇಳು ತಾಯಿ. ದನಿ ಆಕೀದು” ಎಂದರು.

ಮನೆಗೆ ಒಯ್ದು ಅತ್ತೆಯ ಮುಂದೆ ಇಟ್ಟೆ. ಮದುವೆಗೆ ನೆಂಟರು ಬರುವ ಮೊದಲು ಹಿತ್ತಲ ಬಾವಿ ಶುಚಿ ಮಾಡಿಸಲು ಅದನ್ನು ತಂದಿದ್ದರೆಂದು ಆಮೇಲೆ ತಿಳಿಯಿತು. ನಾನು ಎಲ್ಲವನ್ನೂ ಹೇಳಿದೆ, ಕೋಷ್ಟಕ, ಓಬಳೇಶ, ಚೀಟಿ, ವಜಾ. ಅತ್ತೆ ಕೇಳಿದರು. ಚೀಟಿ ಅಂಟಿಸಿದವರು ಯಾರೆಂದು ಹೇಳಿದಾಗ ಹಣೆ ಹಣೆ ಚಚ್ಚಿಕೊಂಡರು. ನಿಮಗೆ ದನಿ ಬೇಕಾ ಅತ್ತೆ ಎಂದು ಕೇಳಿದೆ. ಅವರು ಎದ್ದು ಚಪ್ಪಲಿ ಮೆಟ್ಟಿದರು. ಪುಸ್ತಕವನ್ನು ನನ್ನ ಕೈಗೆ ತುರುಕಿ, ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಹೊರಟರು. ದಾರಿಯುದ್ದಕ್ಕೂ ಜನ ನೋಡುತ್ತಿದ್ದರು.

ಲೈಬ್ರರಿಯಲ್ಲಿ ಮೊದಲು ಪುಸ್ತಕವನ್ನು ದಾಖಲೆಗೆ ಮತ್ತೆ ಸೇರಿಸಿದೆ. ಹಳೆಯ ನಂಬರು ಕೊಡಲಾಗದು, ಅದು ಕೈಪಿಡಿಯ ಹೆಸರಿನಲ್ಲಿ ಊರೆಲ್ಲ ಸುತ್ತಿದೆ. ಪಟ್ಟಿಯ ತುದಿಯಲ್ಲಿ ಹೊಸ ನಂಬರು ಕೊಟ್ಟು, ಹಿಂದೆ ೧೧೪೭ ಆಗಿತ್ತು ಎಂದು ಷರಾದಲ್ಲಿ ಬರೆದೆ. ನನ್ನ ಹೆಸರಿಗೆ ನಾನೇ ಪುಸ್ತಕ ಕೊಟ್ಟುಕೊಳ್ಳುವಂತಿಲ್ಲ. ಲೈಬ್ರರಿಯಲ್ಲೇ ನಮಗಾಗಿ ಕಾಯುತ್ತಿದ್ದ ತಿಪ್ಪೇರುದ್ರಪ್ಪನವರು ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು, ನಾನು ಮೇಜಿನ ಈಚೆ ನಿಂತೆ. ಪೇಪರು ಓದುತ್ತಿದ್ದವರು ತಲೆ ಎತ್ತಿದರು. ಅತ್ತೆ ನನ್ನ ಪಕ್ಕದಲ್ಲೇ ಸೆರಗು ಬಿಗಿದು ನಿಂತಿದ್ದರು.

“ಶಿವಗಂಗಾ” ಎಂದೆ. ಪುಸ್ತಕವನ್ನು ಮೇಜಿನ ಮೇಲಿಟ್ಟೆ. “ಬಾವಿಗಳ ಹೂಳು ತೆಗೆಯುವ ಕ್ರಮ.”

ತಿಪ್ಪೇರುದ್ರಪ್ಪನವರು ಬರೆದರು.

“ಲೋ ತಿಪ್ಪೇಶಿ” ಎಂಬ ಮಾತು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು, ಸ್ವಲ್ಪ ಒರಟಾದ, ಅಗಲವಾದ ದನಿ. “ನಿನ್ನ ನಂಬರಿಗೆ ಬೆಂಕಿ ಬೀಳ!”

ಓದುವ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತರು. ತಿಪ್ಪೇರುದ್ರಪ್ಪನವರು ಬೈಗುಳ ತಿನ್ನುತ್ತಾ ಅಳುತ್ತಿದ್ದರು, ನಗುತ್ತಲೂ ಇದ್ದರು. ನಾನು ಆರು ವರ್ಷ ಜೊತೆಗಿದ್ದವರ ದನಿಯನ್ನು ಮೊದಲ ಸಲ ಕೇಳುತ್ತಾ ಮೇಜು ಹಿಡಿದು ನಿಂತಿದ್ದೆ. ಆ ದನಿ ತೆಳ್ಳಗೆ ಇರುತ್ತದೆ ಎಂದು ನಾನು ಯಾಕೋ ಅಂದುಕೊಂಡಿದ್ದೆ.

ಮನೆಯ ದಾರಿಯಲ್ಲಿ ನನ್ನ ಸರದಿ ಬಂತು. ನಾನು ಹೆದರಿದ್ದು ಸುಳ್ಳಾಗಲಿಲ್ಲ. ಮೊದಲ ದಿನದ ಸಾರಿಗೆ ಉಪ್ಪು ಜಾಸ್ತಿ ಎಂಬಲ್ಲಿಂದ ಶುರು. ರಂಗೋಲಿಯ ಎಳೆ ಎಂದೂ ನೆಟ್ಟಗೆ ಬಂದಿಲ್ಲ. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದ್ದು. ಹಬ್ಬದ ದಿನ ಅವರನ್ನು ಕೇಳದೆ ಹೋಳಿಗೆ ಬದಲು ಪಾಯಸ ಮಾಡಿದ್ದು. ಮಗನನ್ನು ಹೊತ್ತಾಗುವವರೆಗೆ ಮಲಗಲು ಬಿಟ್ಟು ಸೋಮಾರಿ ಮಾಡಿದ್ದು. ಒಂದನ್ನೂ ಮರೆತಿರಲಿಲ್ಲ, ಒಂದೂ ಹಿಂದುಮುಂದಾಗಲಿಲ್ಲ. ಮನೆ ಮುಟ್ಟಿದಾಗ ಅವರಿನ್ನೂ ಎರಡನೆಯ ವರ್ಷದಲ್ಲಿದ್ದರು. ಪಂಪಾಪತಿ ತಮ್ಮ ಸೈಕಲ್ ಶಾಪಿನಿಂದ ಓಡಿಬಂದು, ತಾಯಿಯ ದನಿ ಕೇಳಿ, ಬಾಗಿಲ ಕೊಂಬೆಯನ್ನು ಕಿತ್ತು ಹಿಡಿದುಕೊಂಡು ಹೊಸ್ತಿಲ ಮೇಲೇ ಕೂತುಬಿಟ್ಟರು. ಅವರಿಗೂ ಒಂದಿಷ್ಟು ಬೈಗುಳ ಬಿತ್ತು.

ಸಂಜೆಯ ಹೊತ್ತಿಗೆ ಅತ್ತೆ ಸುಸ್ತಾದರು. ನೀರು ತಂದು ಕೊಟ್ಟೆ. ಗಟಗಟ ಕುಡಿದು ಲೋಟ ಪಕ್ಕಕ್ಕಿಟ್ಟು ನನ್ನನ್ನು ದಿಟ್ಟಿಸಿದರು.

“ನಂದು ಮುಗೀತು” ಎಂದರು. “ಈಗ ನೀನು ಹೇಳು.”

“ನಾನೇನು ಹೇಳಲಿ ಅತ್ತೆ?”

“ಬಾಯಿ ಸತ್ತೋಳ ಜೊತೆ ಏನು ಜಗಳ ಆಡೋದು ಅಂತ ಆರು ವರ್ಷ ಎಲ್ಲಾ ನುಂಗ್ಕೊಂಡಿದೀಯ. ನಂಗೆ ಗೊತ್ತಾಗಿಲ್ಲ ಅನ್ಕೊಂಡ್ಯಾ? ನಾನು ಮಾತಾಡ್ಲಿಲ್ಲ, ಸರಿ, ನನ್ನ ದನಿ ಹೋಗಿತ್ತು. ನಿಂದು ಎಲ್ಲಿಗೆ ಹೋಗಿತ್ತು? ಹೇಳು, ನಾನು ಕೂತ್ಕೊಂಡು ಕೇಳ್ತೀನಿ.”

ಹೊಸ್ತಿಲಲ್ಲಿದ್ದ ಪಂಪಾಪತಿ ಮೆಲ್ಲಗೆ ಎದ್ದು ಹೊರಗೆ ನಡೆದರು. ನಾನು ಅತ್ತೆಯ ಎದುರಿಗೆ ಚಾಪೆ ಎಳೆದುಕೊಂಡು ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ನೀವು ತಲೆ ಬಾಚುವಾಗ ಹೆರಳು ಎಳೀತೀರಲ್ಲ ಅತ್ತೆ” ಎಂದೆ, “ತುಂಬಾ ನೋಯುತ್ತೆ.”